ಪಿನ್ ಹೊಂದಿದ ಮಾತ್ರಕ್ಕೆ ಚಾರ್ಜರ್ ಹೊಂದುವುದಿಲ್ಲ

ಎಲೆಕ್ಟ್ರಿಕ್ ಸ್ಕೂಟರ್‌ಗೆ ಇನ್ನೊಂದು ಚಾರ್ಜರ್ ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಒಂದೇ ಸಂಖ್ಯೆ: ಬ್ಯಾಟರಿ ಪೂರ್ತಿ ತುಂಬಿದಾಗ ಅದರಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬುದು. ಚಾರ್ಜರ್ ಕೊಡಬೇಕಾದದ್ದು ಅಷ್ಟೇ ವೋಲ್ಟ್, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ಸ್ಕೂಟರ್ ಮೇಲೆ ಕಣ್ಣಿಗೆ ಬೀಳುವ ಜಾಗದಲ್ಲಿ ಈ ಸಂಖ್ಯೆ ಇರುವುದಿಲ್ಲ. ಅಲ್ಲಿರುವುದು 48V, 60V, 72V ಎಂಬ ದುಂಡು ಸಂಖ್ಯೆ. ಅದು ಬ್ಯಾಟರಿಯ ಅಳತೆಯಲ್ಲ, ಅದು ಸೇರಿದ ವರ್ಗದ ಹೆಸರು. ಒಂದೇ ಹೆಸರಿನ ಕೆಳಗೆ ಮೂರು ನಾಲ್ಕು ಬಗೆಯ ಬ್ಯಾಟರಿಗಳಿವೆ, ಅವಕ್ಕೆ ಬೇರೆ ಬೇರೆ ಚಾರ್ಜರ್‌ಗಳಿವೆ, ಆ ಚಾರ್ಜರ್‌ಗಳ ತುದಿಯಲ್ಲಿ ಮಾತ್ರ ಎಷ್ಟೋ ಸಲ ಒಂದೇ ಪ್ಲಗ್ ಇರುತ್ತದೆ. ತಪ್ಪು ಚಾರ್ಜರ್ ಮನೆಗೆ ಬರುವುದು ಸಾಮಾನ್ಯವಾಗಿ ಈ ಮೂರನೆಯ ಕಾರಣದಿಂದ.

ಈ ಗೊಂದಲ ಹೆಚ್ಚಾಗಿರುವುದು ಗಂಟೆಗೆ 25 ಕಿ.ಮೀ. ಮೀರದ, ನೋಂದಣಿ ಬೇಡದ ಚಿಕ್ಕ ಸ್ಕೂಟರ್‌ಗಳಲ್ಲಿ. ಊರೂರಿನ ಶೋರೂಂಗಳಲ್ಲಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವ ಇವುಗಳ ಒಳಭಾಗಗಳು ಬಹಳ ಮಟ್ಟಿಗೆ ಒಂದೇ ಮಾದರಿಯವು. ಚಾರ್ಜರ್ ಗಾಡಿಯೊಳಗೆ ಇರುವುದಿಲ್ಲ. ಇಟ್ಟಿಗೆಯ ಗಾತ್ರದ ಬೇರೆ ಪೆಟ್ಟಿಗೆಯಾಗಿ ಬರುತ್ತದೆ, ಕಳೆಯುತ್ತದೆ, ಮಳೆಯಲ್ಲಿ ನೆನೆದು ಕೆಡುತ್ತದೆ. ಮಾರಿದ ಅಂಗಡಿ ಎರಡು ವರ್ಷದಲ್ಲಿ ಮುಚ್ಚಿರುವುದೂ ಉಂಟು. ಆಗ ಮಾಲೀಕರಿಗೆ ಉಳಿಯುವ ದಾರಿ, ಮೊಬೈಲಿನಲ್ಲಿ ಫೋಟೊ ತೆಗೆದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೋ ಆನ್‌ಲೈನ್ ಮಾರಾಟಗಾರರಿಗೋ ಕಳಿಸಿ 'ಇದಕ್ಕೆ ಹೊಂದುವುದು ಇದೆಯೇ' ಎಂದು ಕೇಳುವುದು. ಬರುವ ಉತ್ತರ ಎಷ್ಟು ಸರಿ ಎಂಬುದು ಏನನ್ನು ಫೋಟೊ ತೆಗೆಯಲಾಗಿದೆ ಎಂಬುದರ ಮೇಲೆ ನಿಂತಿರುತ್ತದೆ. ಬಹುಮಂದಿ ಪ್ಲಗ್ಗಿನ ಚಿತ್ರವನ್ನಷ್ಟೇ ಕಳಿಸುತ್ತಾರೆ. ಬೇಕಾದದ್ದು ಮೊದಲು ಬ್ಯಾಟರಿಯ ಚಿತ್ರ, ಆಮೇಲೆ ಹಳೆಯ ಚಾರ್ಜರಿನ ಲೇಬಲ್, ಪ್ಲಗ್ ಕೊನೆಗೆ.

ಬ್ಯಾಟರಿಯಿಂದಲೇ ಏಕೆ ಆರಂಭಿಸಬೇಕು ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಈ ಗಾಡಿಗಳಲ್ಲಿ ಸಿಗುವ ಬ್ಯಾಟರಿಗಳು ಮೂರು ಜಾತಿಯವು. ಮೊದಲನೆಯದು ಲೆಡ್ ಆಸಿಡ್: 12 ವೋಲ್ಟಿನ ಕಪ್ಪು ಡಬ್ಬಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ನಾಲ್ಕಿದ್ದರೆ 48, ಐದಿದ್ದರೆ 60, ಆರಿದ್ದರೆ 72. ತುಂಬುವಾಗ ಪ್ರತಿ ಡಬ್ಬಕ್ಕೆ ಸುಮಾರು 14.7 ವೋಲ್ಟ್ ಬೇಕು. ಉಳಿದ ಎರಡೂ ಲಿಥಿಯಂ. ಅವುಗಳಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸುವ ಎನ್‌ಎಂಸಿ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಕಬ್ಬಿಣದ ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಸೆಲ್‌ಗೆ 3.65 ವೋಲ್ಟ್ ಮಿತಿ. ಒಂದರ ಹಿಂದೆ ಒಂದು ಎಷ್ಟು ಸೆಲ್ ಜೋಡಿಸಿದ್ದಾರೆ ಎಂಬುದನ್ನು ಲೇಬಲ್ಲಿನಲ್ಲಿ 13S, 16S, 20S ಎಂದು ಬರೆಯುತ್ತಾರೆ. ಸೆಲ್ಲುಗಳ ಸಂಖ್ಯೆಯನ್ನು ಒಂದು ಸೆಲ್ಲಿನ ಮಿತಿಯಿಂದ ಗುಣಿಸಿದರೆ ಚಾರ್ಜರಿನ ವೋಲ್ಟ್ ಸಿಗುತ್ತದೆ.

ಈ ಲೆಕ್ಕವನ್ನು '60 ವೋಲ್ಟ್' ಎಂದು ಕರೆಸಿಕೊಳ್ಳುವ ಗಾಡಿಗಳಿಗೆ ಹಚ್ಚಿದರೆ ಸಂಗತಿ ಬಯಲಾಗುತ್ತದೆ. ಐದು ಲೆಡ್ ಆಸಿಡ್ ಡಬ್ಬಗಳಿದ್ದರೆ ಚಾರ್ಜರ್ 73.5 ವೋಲ್ಟಿನದು. ಇಪ್ಪತ್ತು ಎಲ್‌ಎಫ್‌ಪಿ ಸೆಲ್ಲುಗಳಿದ್ದರೆ 73 ವೋಲ್ಟ್. ಹದಿನೇಳು ಎನ್‌ಎಂಸಿ ಸೆಲ್ಲುಗಳಿದ್ದರೆ 71.4, ಹದಿನಾರೇ ಇದ್ದರೆ 67.2. ನಾಲ್ಕೂ ಗಾಡಿಗಳ ಮೈಮೇಲೆ ಇರುವ ಸ್ಟಿಕ್ಕರ್ ಮಾತ್ರ ಒಂದೇ. 48 ವೋಲ್ಟಿನ ಮನೆತನದಲ್ಲೂ ಹೀಗೆಯೇ: ಲೆಡ್ ಆಸಿಡ್‌ಗೆ 58.8, ಹದಿನಾರು ಎಲ್‌ಎಫ್‌ಪಿ ಸೆಲ್ಲುಗಳಿಗೆ 58.4, ಹದಿಮೂರು ಎನ್‌ಎಂಸಿ ಸೆಲ್ಲುಗಳಿಗೆ 54.6.

ತಪ್ಪಿದರೆ ಆಗುವುದು ಎರಡೂ ದಿಕ್ಕಿನಲ್ಲಿ ಒಂದೇ ರೀತಿ ಅಲ್ಲ. ಹದಿನಾರು ಎನ್‌ಎಂಸಿ ಸೆಲ್ಲುಗಳ ಬ್ಯಾಟರಿಗೆ 73.5 ವೋಲ್ಟಿನ ಲೆಡ್ ಆಸಿಡ್ ಚಾರ್ಜರ್ ಹಾಕಿದರೆ ಪ್ರತಿ ಸೆಲ್ಲಿನ ಪಾಲಿಗೆ 4.59 ವೋಲ್ಟ್ ಬರುತ್ತದೆ. 4.2ರ ಮಿತಿಯನ್ನು ಇಷ್ಟು ದಾಟಿದ ಸೆಲ್ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಹಾಗಾಗದಂತೆ ತಡೆಯುವುದು ಬ್ಯಾಟರಿಯೊಳಗಿರುವ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಮಾತ್ರ. ಯಾವುದಾದರೂ ಸೆಲ್ 4.25 ವೋಲ್ಟಿನ ಆಸುಪಾಸಿಗೆ ಬಂದರೆ ಅದು ಸಂಪರ್ಕ ಕಡಿದುಹಾಕುತ್ತದೆ. ಆದರೆ ಬಿಎಂಎಸ್ ಇರುವುದು ಎಂದೋ ಒಮ್ಮೆ ಒದಗುವ ಆಪತ್ತಿಗೆ. ದಿನಾ ರಾತ್ರಿ ಚಾರ್ಜ್ ನಿಲ್ಲಿಸುವ ಸ್ವಿಚ್ಚಾಗಿ ಅದನ್ನು ದುಡಿಸಬಾರದು. ಅದರ ಟ್ರಾನ್ಸಿಸ್ಟರ್ ಒಳಗೇ ಸುಟ್ಟು ಕೂಡಿಕೊಂಡರೆ ಆಮೇಲೆ ತಡೆಯುವವರು ಯಾರೂ ಇಲ್ಲ. ಉಲ್ಟಾ ದಿಕ್ಕಿನ ತಪ್ಪು ಇಷ್ಟು ಭಯಂಕರವಲ್ಲ, ಆದರೆ ಮೋಸದ್ದು. ಐದು ಲೆಡ್ ಆಸಿಡ್ ಡಬ್ಬಗಳಿಗೆ 67.2 ವೋಲ್ಟಿನ ಲಿಥಿಯಂ ಚಾರ್ಜರ್ ಹಾಕಿದರೆ ಪ್ರತಿ ಡಬ್ಬಕ್ಕೆ ಸಿಗುವುದು 13.44 ವೋಲ್ಟ್. ಹಸಿರು ದೀಪ ಹತ್ತುತ್ತದೆ, ಗಾಡಿಯೂ ಓಡುತ್ತದೆ, ಆದರೆ ಬ್ಯಾಟರಿ ಎಂದೂ ಪೂರ್ತಿ ತುಂಬಿರುವುದಿಲ್ಲ. ಅರೆಹೊಟ್ಟೆಯಲ್ಲಿ ಉಳಿದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗಿ ಕೆಲವೇ ತಿಂಗಳಲ್ಲಿ ಮೈಲೇಜ್ ಇಳಿಯುತ್ತದೆ. ಮಾಲೀಕರು ಬೈಯುವುದು ಬ್ಯಾಟರಿ ಕಂಪನಿಯನ್ನು.

ಹಾಗಾದರೆ ಸೀಟಿನ ಅಡಿಯಲ್ಲಿ ಅಥವಾ ಫುಟ್‌ಬೋರ್ಡಿನ ಕೆಳಗೆ ಇರುವುದು ಯಾವ ಜಾತಿ? ಲೆಡ್ ಆಸಿಡ್ ಗುರುತಿಸುವುದು ಸುಲಭ. ಬೇರೆ ಬೇರೆ ಡಬ್ಬಗಳಿರುತ್ತವೆ, ಒಂದರಿಂದ ಇನ್ನೊಂದಕ್ಕೆ ದಪ್ಪ ವೈರ್ ಹೋಗಿರುತ್ತದೆ, ಒಂದನ್ನು ಎತ್ತಿದರೆ ಆರೇಳು ಕಿಲೋ ತೂಗುತ್ತದೆ. ಚೀನಾದ ಪದ್ಧತಿಯಂತೆ ಮೈಮೇಲೆ 6-DZM-20 ಅಥವಾ 6-EVF-32 ಎಂಬ ಬಗೆಯ ಬರಹವಿದ್ದರೆ ಅನುಮಾನವೇ ಬೇಡ. ಮೊದಲ 6 ಎಂದರೆ ಒಳಗೆ ಎರಡೆರಡು ವೋಲ್ಟಿನ ಆರು ಕೋಣೆಗಳು, ಅಂದರೆ 12 ವೋಲ್ಟ್. ನಡುವಿನ ಅಕ್ಷರಗಳು ವಿದ್ಯುತ್ ವಾಹನಕ್ಕೆಂದು ಮಾಡಿದ ಸೀಲ್ ಆದ ಲೆಡ್ ಆಸಿಡ್ ಎಂದು ಹೇಳುತ್ತವೆ. ಕೊನೆಯ ಸಂಖ್ಯೆ ಎಎಚ್, ಅಂದರೆ ಬ್ಯಾಟರಿಯ ಹೊಟ್ಟೆಯ ಅಳತೆ. ಇಲ್ಲೊಂದು ಹೆಸರಿನ ಬಲೆಯಿದೆ. 'ಗ್ರಾಫೀನ್ ಬ್ಯಾಟರಿ' ಎಂದು ಮಾರುವ 12 ವೋಲ್ಟಿನ ಡಬ್ಬಗಳು ಲಿಥಿಯಂ ಅಲ್ಲ. ಫಲಕಗಳಲ್ಲಿ ಇಂಗಾಲದ ಅಂಶ ಬೆರೆಸಿದ ಲೆಡ್ ಆಸಿಡ್‌ಗೆ ಅಂಗಡಿಯವರು ಇಟ್ಟ ಹೊಸ ಹೆಸರು ಅದು. ಹೆಸರಿಗೆ ಮರುಳಾಗಿ ಲಿಥಿಯಂ ಚಾರ್ಜರ್ ತಂದರೆ ಮೇಲೆ ಹೇಳಿದ ಅರೆಹೊಟ್ಟೆಯ ಕಥೆಯೇ.

ಲಿಥಿಯಂ ಆದರೆ ಸಾಮಾನ್ಯವಾಗಿ ಒಂದೇ ಪೆಟ್ಟಿಗೆ ಇರುತ್ತದೆ, ತಗಡಿನದೋ ನೀಲಿ ಪ್ಲಾಸ್ಟಿಕ್ ಸುತ್ತಿದ್ದೋ. ಅಷ್ಟೇ ಶಕ್ತಿಯ ಲೆಡ್ ಆಸಿಡ್ ಸಾಲಿನ ಅರ್ಧದಷ್ಟೂ ತೂಗುವುದಿಲ್ಲ. ಆದರೆ ಎನ್‌ಎಂಸಿ ಯಾವುದು, ಎಲ್‌ಎಫ್‌ಪಿ ಯಾವುದು ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಲೇಬಲ್ಲೇ ಹೇಳಬೇಕು. ಒಳ್ಳೆಯ ಲೇಬಲ್ಲಿನಲ್ಲಿ ಚಾರ್ಜಿಂಗ್ ವೋಲ್ಟೇಜ್ ಎಂಬ ಸಾಲೇ ಇರುತ್ತದೆ. ಅದು ಸಿಕ್ಕರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಸೆಲ್ಲಿನ ಸಂಕೇತ ನೋಡಬೇಕು: INR ಎಂದಿದ್ದರೆ ನಿಕಲ್ ಬಳಗ, ಅಂದರೆ 4.2 ವೋಲ್ಟಿನದು, IFR ಎಂದಿದ್ದರೆ ಕಬ್ಬಿಣದ್ದು, 3.65 ವೋಲ್ಟಿನದು. LFP, LiFePO4 ಎಂದು ನೇರವಾಗಿ ಬರೆದಿರುವುದೂ ಉಂಟು. ಅದೂ ಇಲ್ಲದಿದ್ದರೆ ಕೊನೆಯ ದಾರಿ ಭಾಗಾಕಾರ. ಲೇಬಲ್ಲಿನ ವೋಲ್ಟನ್ನು 3.2ರಿಂದ ಭಾಗಿಸಿದಾಗ ಪೂರ್ಣ ಸಂಖ್ಯೆ ಬಂದರೆ ಎಲ್‌ಎಫ್‌ಪಿ, 3.6 ಅಥವಾ 3.7ರಿಂದ ಭಾಗಿಸಿದಾಗ ಬಂದರೆ ಎನ್‌ಎಂಸಿ ಎಂದು ಊಹಿಸಬಹುದು. 51.2 ವೋಲ್ಟ್ ಎಂದಿದ್ದರೆ ಹದಿನಾರು ಎಲ್‌ಎಫ್‌ಪಿ, 46.8 ಎಂದಿದ್ದರೆ ಹದಿಮೂರು ಎನ್‌ಎಂಸಿ. ಊಹೆ ಎಂದದ್ದು ಬೇಕೆಂದೇ. 57.6 ವೋಲ್ಟ್ ಎಂಬ ಲೇಬಲ್ ಹದಿನೆಂಟು ಎಲ್‌ಎಫ್‌ಪಿ ಸೆಲ್ಲುಗಳದೂ ಆಗಬಹುದು, ಹದಿನಾರು ಎನ್‌ಎಂಸಿ ಸೆಲ್ಲುಗಳದೂ ಆಗಬಹುದು. ಮೊದಲನೆಯದರ ಚಾರ್ಜರ್ 65.7 ವೋಲ್ಟ್, ಎರಡನೆಯದರದು 67.2. ಬರಿಯ 60V ಎಂದು ದುಂಡಗೆ ಬರೆದಿದ್ದರೆ ಭಾಗಾಕಾರದಿಂದ ಏನೂ ಹುಟ್ಟುವುದಿಲ್ಲ. ಆಗ ಬ್ಯಾಟರಿಯ ಸೀರಿಯಲ್ ನಂಬರಿನ ಚಿತ್ರವನ್ನು ಅದನ್ನು ತಯಾರಿಸಿದವರಿಗೋ ಜೋಡಿಸಿಕೊಟ್ಟವರಿಗೋ ಕಳಿಸಿ ಕೇಳುವುದೇ ಸರಿ. ಸೆಲ್ ಎಣಿಸಲೆಂದು ಪೆಟ್ಟಿಗೆ ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಒಳಗಿನ ಪಟ್ಟಿಗಳ ಮೇಲೆ ಒಂದು ಸ್ಕ್ರೂಡ್ರೈವರ್ ಬಿದ್ದರೂ ಸಾಕು, ನೂರಾರು ಆಂಪ್ ಹರಿದು ಲೋಹ ಕರಗುತ್ತದೆ.

ಮಲ್ಟಿಮೀಟರ್ ಇದ್ದವರಿಗೆ, ತುಂಬಿದ ಬ್ಯಾಟರಿಯ ವೋಲ್ಟ್ ಅಳೆದರೆ ಜಾತಿ ತಿಳಿಯುವುದಿಲ್ಲವೇ ಎಂಬ ಯೋಚನೆ ಬರುವುದು ಸಹಜ. ಅಷ್ಟಾಗಿ ತಿಳಿಯುವುದಿಲ್ಲ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟರೆ ಇಪ್ಪತ್ತು ಎಲ್‌ಎಫ್‌ಪಿ ಸೆಲ್ಲುಗಳ ಬ್ಯಾಟರಿ 67 ವೋಲ್ಟಿನ ಸಮೀಪಕ್ಕೆ ಇಳಿದು ನಿಲ್ಲುತ್ತದೆ. ಹದಿನಾರು ಎನ್‌ಎಂಸಿ ಸೆಲ್ಲುಗಳದೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಮೀಟರಿನಲ್ಲಿ ಎರಡೂ ಅವಳಿಗಳಂತೆ ಕಂಡರೂ ಒಂದಕ್ಕೆ ಬೇಕಾದದ್ದು 73 ವೋಲ್ಟ್, ಇನ್ನೊಂದಕ್ಕೆ 67.2.

ಹಳೆಯ ಚಾರ್ಜರ್ ಕೆಟ್ಟಿದ್ದರೂ ಕೈಯಲ್ಲಿದ್ದರೆ ಅದರ ಲೇಬಲ್ ಎರಡನೆಯ ಸಾಕ್ಷಿ. ಇಲ್ಲಿ ಓದಬೇಕಾದದ್ದು OUTPUT ಎಂಬ ಸಾಲು. INPUT ಸಾಲು ಗೋಡೆಯ ಕರೆಂಟಿನ ಕುರಿತದ್ದು, ಎಲ್ಲ ಚಾರ್ಜರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ. ಲಿಥಿಯಂ ಚಾರ್ಜರುಗಳು ಸಾಮಾನ್ಯವಾಗಿ ಮುಚ್ಚುಮರೆ ಮಾಡುವುದಿಲ್ಲ: DC 67.2V 6A ಎಂದು ದಶಮಾಂಶದ ಸಮೇತ ಬರೆದಿರುತ್ತದೆ. ಲೆಡ್ ಆಸಿಡ್ ಚಾರ್ಜರುಗಳದು ಬೇರೆ ರೂಢಿ. 60V20AH ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಕೊಡುವ ವೋಲ್ಟ್ ಎಷ್ಟು ಎಂದು ಎಲ್ಲಿಯೂ ಇರುವುದಿಲ್ಲ. ಈ ಬರಹ ಚಾರ್ಜರಿನ ಗುಣವನ್ನು ಹೇಳುವುದಿಲ್ಲ. ಯಾವ ಬ್ಯಾಟರಿಗೆ ಹಾಕಬೇಕು ಎಂದು ಹೇಳುತ್ತದೆ. ಅಲ್ಲಿನ 20 ಎಂಬುದು ಆಂಪ್ ಅಲ್ಲ, ಬ್ಯಾಟರಿಯ ಎಎಚ್. ಅಂಥ ಚಾರ್ಜರ್ ನಿಜವಾಗಿ ಕೊಡುವುದು ಎರಡೂವರೆಯಿಂದ ಮೂರು ಆಂಪ್ ಅಷ್ಟೇ. ಇದನ್ನು ತಿಳಿಯದೆ 20 ಆಂಪಿನ ಚಾರ್ಜರ್ ಬೇಕೆಂದು ಹುಡುಕುವವರಿದ್ದಾರೆ.

ಆಂಪ್ ವಿಷಯದಲ್ಲಿ ವೋಲ್ಟಿನಷ್ಟು ಕಟ್ಟುನಿಟ್ಟು ಬೇಕಿಲ್ಲ. ಮೊದಲಿದ್ದದ್ದಕ್ಕಿಂತ ಕಡಿಮೆ ಆಂಪಿನದು ತಂದರೆ ಚಾರ್ಜ್ ಆಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ ನಷ್ಟ. ಹೆಚ್ಚಿನದು ತರುವ ಮುನ್ನ ಮಾತ್ರ ಬ್ಯಾಟರಿಯ ಲೇಬಲ್ಲಿನಲ್ಲಿ ಗರಿಷ್ಠ ಚಾರ್ಜಿಂಗ್ ಕರೆಂಟ್ ಎಷ್ಟಿದೆ ಎಂದು ನೋಡಬೇಕು. ಲೆಡ್ ಆಸಿಡ್‌ಗೆ ಎಎಚ್‌ನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 28 ಎಎಚ್‌ಗೆ ನಾಲ್ಕು ಆಂಪ್ ದಾಟದಿದ್ದರೆ ಒಳ್ಳೆಯದು.

ಲೇಬಲ್ಲಿನ ಫೋಟೊ ತೆಗೆಯುವುದರಲ್ಲೂ ಒಂದು ಹದವಿದೆ. ಈ ಸಂಖ್ಯೆಗಳು ಒಂದಕ್ಕೊಂದು ತೀರಾ ಹತ್ತಿರ ಇರುವುದರಿಂದ ಮಸುಕಾದ ಚಿತ್ರ ಸುಳ್ಳು ಹೇಳುತ್ತದೆ. 6 ಮತ್ತು 8 ಕದಡಿದರೆ 67.2 ಮತ್ತು 87.6ರ ಮೊದಲ ಅಂಕಿ ಒಂದೇ ಆಗಿಬಿಡುತ್ತದೆ, 54.6 ಮತ್ತು 58.4 ಅದಲುಬದಲಾಗುತ್ತವೆ, ಚುಕ್ಕೆ ಅಳಿಸಿಹೋಗಿ 672 ಎಂದು ಕಾಣುವುದೂ ಉಂಟು. ಫ್ಲ್ಯಾಶ್ ಹಾಕಿದರೆ ಹೊಳೆಯುವ ಸ್ಟಿಕ್ಕರಿನ ನಡುವೆ ಬಿಳಿ ಮಚ್ಚೆ ಬಿದ್ದು ಬೇಕಾದ ಸಾಲೇ ಮಾಯವಾಗುತ್ತದೆ. ಕಿಟಕಿಯ ಬೆಳಕಿನಲ್ಲಿ ನೇರವಾಗಿ ಒಂದು, ತುಸು ಓರೆಯಾಗಿ ಇನ್ನೊಂದು ತೆಗೆದರೆ ಎರಡರಲ್ಲಿ ಒಂದು ಓದಲು ಬರುತ್ತದೆ. ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಸಿದ ಅಕ್ಷರಗಳಾದರೆ ಕೋಣೆ ಕತ್ತಲಾಗಿಸಿ ಪಕ್ಕದಿಂದ ಟಾರ್ಚ್ ಹಿಡಿಯಬೇಕು. ಆಗ ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ.

ಇನ್ನು ಪ್ಲಗ್. ಚಿಕ್ಕ ಸ್ಕೂಟರ್‌ಗಳಲ್ಲಿ ತೀರಾ ಸಾಮಾನ್ಯವಾದದ್ದು ಕಂಪ್ಯೂಟರಿನ ಹಿಂಭಾಗಕ್ಕೆ ಚುಚ್ಚುವ ಪವರ್ ಕೇಬಲಿನದೇ ಆಕಾರ: ಮೂರು ಚಪ್ಪಟೆ ಪಿನ್ನುಗಳು ತ್ರಿಕೋನದಲ್ಲಿ. ಗಾಡಿಯ ಮೈಯಲ್ಲಿ ಪಿನ್ನುಗಳಿರುವ ಗುಳಿ, ಚಾರ್ಜರಿನ ವೈರಿನಲ್ಲಿ ತೂತುಗಳಿರುವ ತುದಿ. ಅಗ್ಗವೆಂದು ಚೀನಾದ ತಯಾರಕರು ಆರಿಸಿಕೊಂಡ ಈ ಆಕಾರ ಇಡೀ ವ್ಯವಸ್ಥೆಯ ಅತ್ಯಂತ ಕೆಟ್ಟ ನಿರ್ಧಾರ ಎನ್ನಬೇಕು. ಮನೆಯಲ್ಲಿರುವ ಕಂಪ್ಯೂಟರ್ ಕೇಬಲ್ಲೂ ಆ ಗುಳಿಗೆ ಸರಾಗವಾಗಿ ಹೊಂದುತ್ತದೆ. ಗೋಡೆಯಿಂದ ನೇರವಾಗಿ ತಂದು ಚುಚ್ಚಿದರೆ 230 ವೋಲ್ಟಿನ ಎಸಿ ಕರೆಂಟು ಬ್ಯಾಟರಿಯೊಳಗೇ ನುಗ್ಗುತ್ತದೆ. ಕೆಲವು ಚಾರ್ಜರುಗಳಲ್ಲಿ ಗೋಡೆಯ ಕಡೆಯ ಕೇಬಲ್ ಕೂಡ ಇದೇ ಆಕಾರದ್ದಾಗಿ ಬಿಚ್ಚಿ ಹಾಕುವಂತೆ ಇರುವುದರಿಂದ, ಕತ್ತಲಲ್ಲಿ ಅಥವಾ ಅವಸರದಲ್ಲಿ ಈ ಅನಾಹುತಕ್ಕೆ ಒಂದು ಕೈತಪ್ಪು ಸಾಕು. ಅಂಥ ಸಾಕೆಟ್ ಇರುವ ಗಾಡಿಗೆ ಕೊಳ್ಳುವಾಗ ಗೋಡೆಯ ಕಡೆಯ ವೈರ್ ಚಾರ್ಜರಿಗೆ ಶಾಶ್ವತವಾಗಿ ಜೋಡಿಸಿರುವುದನ್ನೇ ಆರಿಸುವುದು ಜಾಣತನ.

ಈ ಮೂರು ಪಿನ್ನುಗಳಲ್ಲಿ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ಎರಡೇ. ಯಾವುದು ಪ್ಲಸ್, ಯಾವುದು ಮೈನಸ್ ಎಂಬುದಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಎರಡು ಕಂಪನಿಗಳ ಚಾರ್ಜರುಗಳು ಆಕಾರದಲ್ಲಿ ಒಂದೇ, ವೋಲ್ಟಿನಲ್ಲೂ ಒಂದೇ ಇದ್ದು, ಪ್ಲಸ್ ಮೈನಸ್ ಮಾತ್ರ ಅದಲುಬದಲಾಗಿರಬಹುದು. ಚುಚ್ಚಿದ ಕ್ಷಣ ಕಿಡಿ ಹಾರಿ ಚಾರ್ಜರಿನ ಫ್ಯೂಸೋ ಬಿಎಂಎಸ್ಸೋ ಹೋಗುತ್ತದೆ. ಆದ್ದರಿಂದ ಆಕಾರದ ಚಿತ್ರದ ಜೊತೆಗೆ ಪ್ಲಸ್ ಯಾವುದೆಂಬ ಗುರುತೂ ಹೋಗಬೇಕು. ಹಳೆಯ ಚಾರ್ಜರಿನ ಲೇಬಲ್ಲಿನಲ್ಲಿ ಎಷ್ಟೋ ಸಲ ಪ್ಲಗ್ಗಿನ ಚಿಕ್ಕ ಚಿತ್ರ ಬರೆದು + ಮತ್ತು − ಹಾಕಿರುತ್ತಾರೆ. ಅದೂ ಇಲ್ಲದಿದ್ದರೆ ಮಲ್ಟಿಮೀಟರನ್ನು ಡಿಸಿ 200 ವೋಲ್ಟಿಗೆ ಇಟ್ಟು ಗಾಡಿಯ ಸಾಕೆಟ್ಟಿನಲ್ಲಿ ಅಳೆಯಬೇಕು. ಮೈನಸ್ ಚಿಹ್ನೆ ಇಲ್ಲದೆ ಸಂಖ್ಯೆ ಬಂದರೆ ಕೆಂಪು ಮೊನೆ ಮುಟ್ಟಿರುವುದು ಪ್ಲಸ್. ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ತುದಿಯ ಸ್ವಲ್ಪ ಭಾಗ ಬಿಟ್ಟು ಉಳಿದದ್ದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡರೆ ಭಯವಿಲ್ಲ. ಮೀಟರಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಸಾಕೆಟ್ ಸತ್ತಿದೆ ಎನ್ನಲಾಗದು. ಕೆಲವು ಬಿಎಂಎಸ್‌ಗಳು ಚಾರ್ಜಿಂಗ್ ದಾರಿಯಲ್ಲಿ ಕರೆಂಟು ಹೊರಗೆ ಬರಲು ಬಿಡುವುದಿಲ್ಲ.

ಫೋಟೊಗಳಲ್ಲಿ ಪ್ಲಸ್ ಮೈನಸ್ ತಪ್ಪುವುದಕ್ಕೆ ಇನ್ನೊಂದು ಕಾರಣ, ಎದುರುಬದುರಿನ ಆಟ. ಗಾಡಿಯ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಎಡಕ್ಕೆ ಕಾಣುವ ಪಿನ್, ಚಾರ್ಜರಿನ ಪ್ಲಗ್ಗನ್ನು ಎದುರಿನಿಂದ ನೋಡಿದಾಗ ಬಲಕ್ಕೆ ಬರುತ್ತದೆ. ಒಬ್ಬರು ಸಾಕೆಟ್ಟಿನ ಚಿತ್ರದ ಮೇಲೆ 'ಎಡ ಪ್ಲಸ್' ಎಂದು ಬರೆದು ಕಳಿಸಿ, ಇನ್ನೊಬ್ಬರು ಪ್ಲಗ್ಗಿನ ಎಡಕ್ಕೆ ಪ್ಲಸ್ ಬೆಸುಗೆ ಹಾಕಿದರೆ ಉಲ್ಟಾ ಚಾರ್ಜರ್ ತಯಾರು. ಚಿತ್ರ ಯಾವ ಕಡೆಯದು, ಗಾಡಿಯದೋ ಚಾರ್ಜರಿನದೋ ಎಂದು ಅದರ ಮೇಲೆಯೇ ಬರೆದರೆ ಈ ಗೋಜಲು ಹುಟ್ಟುವುದಿಲ್ಲ.

ಬೇರೆ ಆಕಾರಗಳ ಬಗ್ಗೆ ಇಷ್ಟು ಸಾಕು. ಮೈಕ್ ಕೇಬಲಿನಂತೆ ದುಂಡಗೆ, ಮೂರು ಪಿನ್ನಿನ, ಒತ್ತಿ ಬಿಡಿಸುವ ಕೊಂಡಿಯಿರುವುದು ಎಕ್ಸ್‌ಎಲ್‌ಆರ್. ತಿರುಪಿನ ಲೋಹದ ಕಾಲರ್ ಇದ್ದರೆ ಏವಿಯೇಷನ್ ಪ್ಲಗ್. ಅದರಲ್ಲಿ ಪಿನ್ನುಗಳನ್ನು ಎಣಿಸಿ, ಸಾಕೆಟ್ ಕೂರುವ ತೂತು 12 ಮಿ.ಮೀ.ದೋ 16 ಮಿ.ಮೀ.ದೋ ಎಂದು ಹೇಳಬೇಕು. ಅಳತೆಗಾಗಿ ಪಕ್ಕದಲ್ಲಿ ಸ್ಕೇಲ್ ಇಡಬಹುದು. ಅದು ಇಲ್ಲದಿದ್ದರೆ 27 ಮಿ.ಮೀ. ವ್ಯಾಸದ ಹತ್ತು ರೂಪಾಯಿ ನಾಣ್ಯವೂ ಆದೀತು, ಪ್ಲಗ್ಗಿನ ಮುಖದ ಮಟ್ಟದಲ್ಲೇ ಇಡಬೇಕು ಅಷ್ಟೇ. ನಿಂತು ತಳ್ಳುವ ಚಿಕ್ಕ ಕಿಕ್ ಸ್ಕೂಟರ್‌ಗಳಲ್ಲಿ ಕಾಣುವ ಲ್ಯಾಪ್‌ಟಾಪ್ ಮಾದರಿಯ ಕೊಳವೆ ಪಿನ್ನಿಗೆ ಮಾತ್ರ ಫೋಟೊ ಸಾಲದು. ಹೊರ ವ್ಯಾಸ 5.5 ಮಿ.ಮೀ. ಇರುವ ಎರಡು ಬಗೆಗಳಲ್ಲಿ ಒಳತೂತು ಒಂದರದು 2.1, ಇನ್ನೊಂದರದು 2.5, ಇದು ಕಣ್ಣಿಗಾಗಲಿ ಕ್ಯಾಮೆರಾಕ್ಕಾಗಲಿ ತಿಳಿಯುವ ವ್ಯತ್ಯಾಸವಲ್ಲ. ಲಿಥಿಯಂ ಬ್ಯಾಟರಿಗಳ ಸಾಕೆಟ್ಟಿನಲ್ಲಿ ಎರಡು ದಪ್ಪ ಪಿನ್ನುಗಳ ಜೊತೆ ಒಂದೆರಡು ಸಣ್ಣ ಪಿನ್ನುಗಳಿದ್ದರೆ ಅವು ಬಿಸಿ ಅಳೆಯುವುದಕ್ಕೋ ಚಾರ್ಜರಿನೊಡನೆ ಸಂಕೇತ ವಿನಿಮಯಕ್ಕೋ ಇರುವಂಥವು. ಅಂಥಲ್ಲಿ ಎರಡೇ ವೈರಿನ ಚಾರ್ಜರ್ ಆರಂಭವಾಗದೇ ಇರಬಹುದು.

ಸಾಕ್ಷಿಗಳು ಒಂದಕ್ಕೊಂದು ಹೊಂದದೆ ಹೋದಾಗ ಏನು ಮಾಡಬೇಕು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ದಾವಣಗೆರೆಯಲ್ಲಿ ಒಬ್ಬರು ಎರಡನೆಯ ಕೈಯ ಚಿಕ್ಕ ಸ್ಕೂಟರ್ ಕೊಂಡಿದ್ದಾರೆ ಎಂದುಕೊಳ್ಳೋಣ. ಗಾಡಿಯ ಪಕ್ಕದ ಸ್ಟಿಕ್ಕರ್ 60V ಎನ್ನುತ್ತದೆ. ಜೊತೆಗೆ ಬಂದ ಚಾರ್ಜರಿನ ಮೇಲೆ 60V20AH. ಕಂಪ್ಯೂಟರ್ ಮಾದರಿಯ ಮೂರು ಪಿನ್. ಅದು ಕೆಲಸವನ್ನೂ ಮಾಡುತ್ತಿದೆ. ಕಚೇರಿಯಲ್ಲಿ ಇಟ್ಟುಕೊಳ್ಳಲು ಅಂಥದ್ದೇ ಇನ್ನೊಂದು ಬೇಕು, ಅಷ್ಟೇ. ಆ ಎರಡು ಫೋಟೊ ಕಳಿಸಿದರೆ ಅಂಗಡಿಯವರು 73.5 ವೋಲ್ಟಿನ ಲೆಡ್ ಆಸಿಡ್ ಚಾರ್ಜರ್ ಕಳಿಸುತ್ತಾರೆ. ಅವರ ಕಡೆಯಿಂದ ತಪ್ಪೇನೂ ಇಲ್ಲ.

ಆದರೆ ಫುಟ್‌ಬೋರ್ಡ್ ಮುಚ್ಚಳ ತೆಗೆದಾಗ ಐದು ಡಬ್ಬಗಳ ಬದಲು ಒಂದು ತಗಡಿನ ಪೆಟ್ಟಿಗೆ ಕಾಣುತ್ತದೆ. ಸುತ್ತಲೂ ಖಾಲಿ ಜಾಗ, ಅದನ್ನು ತುಂಬಲು ಥರ್ಮೊಕೋಲ್ ತುಂಡುಗಳು. ಪೆಟ್ಟಿಗೆಯ ಮೇಲೆ 60V 26Ah, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ INR, 16S. ಹಿಂದಿನ ಮಾಲೀಕರು ಲೆಡ್ ಆಸಿಡ್ ಸತ್ತಾಗ ಲಿಥಿಯಂ ಹಾಕಿಸಿದ್ದಾರೆ, ಚಾರ್ಜರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡಿದ್ದಾರೆ. ಹದಿನಾರನ್ನು 4.2ರಿಂದ ಗುಣಿಸಿದರೆ 67.2. ಅಂದರೆ ಸ್ಪೇರ್ ಮಾತ್ರವಲ್ಲ, ದಿನವೂ ಬಳಸುತ್ತಿರುವುದೇ ತಪ್ಪು ಚಾರ್ಜರ್. ಇಷ್ಟು ದಿನ ಕಾಪಾಡಿರುವುದು ಬಿಎಂಎಸ್.

ಅದಕ್ಕೆ ಹೊರಗೆ ಕಾಣುವ ಲಕ್ಷಣವೂ ಇತ್ತು. ಸರಿಯಾದ ಚಾರ್ಜರ್ ಆದರೆ ಕೊನೆಯ ಹಂತದಲ್ಲಿ ಕರೆಂಟು ನಿಧಾನಕ್ಕೆ ಇಳಿಯುತ್ತಾ ಬಂದು ದೀಪ ಹಸಿರಾಗುತ್ತದೆ, ಹಸಿರಾಗಿಯೇ ಉಳಿಯುತ್ತದೆ. ಇಲ್ಲಿ ಪೂರ್ತಿ ಕರೆಂಟು ಹರಿಯುತ್ತಿರುವಾಗಲೇ ಬಿಎಂಎಸ್ ಕಡಿದುಹಾಕುವುದರಿಂದ ದೀಪ ಥಟ್ಟನೆ ಹಸಿರಾಗುತ್ತದೆ. ಸ್ವಲ್ಪ ಹೊತ್ತಿಗೆ ಸೆಲ್ಲುಗಳ ವೋಲ್ಟ್ ತುಸು ಇಳಿದು ಬಿಎಂಎಸ್ ಮತ್ತೆ ಬಾಗಿಲು ತೆರೆಯುತ್ತದೆ, ದೀಪ ಕೆಂಪಾಗುತ್ತದೆ, ಕೂಡಲೇ ಮತ್ತೆ ಹಸಿರು. ರಾತ್ರಿ ಹೀಗೆ ಕೆಂಪು ಹಸಿರು ಆಡುವ ಚಾರ್ಜರ್ ಕಂಡರೆ ಬ್ಯಾಟರಿಯ ಲೇಬಲ್ ನೋಡುವವರೆಗೆ ಅದನ್ನು ಮತ್ತೆ ಚುಚ್ಚಬಾರದು.

ಇಂಥ ಮಾಲೀಕರು ಕೇಳಬೇಕಾದದ್ದು ಹೀಗೆ: ಹದಿನಾರು ಸೆಲ್ಲಿನ ಎನ್‌ಎಂಸಿ ಬ್ಯಾಟರಿಗೆ 67.2 ವೋಲ್ಟಿನ ಲಿಥಿಯಂ ಚಾರ್ಜರ್ ಬೇಕು, ಆಂಪ್ ಐದು ಅಥವಾ ಆರು, ಕಂಪ್ಯೂಟರ್ ಮಾದರಿಯ ಪ್ಲಗ್, ಗಾಡಿಯ ಸಾಕೆಟ್ಟಿನಲ್ಲಿ ಪ್ಲಸ್ ಈ ಪಿನ್. ಆಂಪ್ ಹೇಳುವ ಮುನ್ನ ಬಿಎಂಎಸ್ಸಿನ ಮಿತಿ ಲೇಬಲ್ಲಿನಲ್ಲಿ ಅದಕ್ಕಿಂತ ಹೆಚ್ಚಿದೆಯೇ ಎಂದು ನೋಡಿಕೊಂಡಿರಬೇಕು. ಮಾರುವವರಿಂದಲೂ ಒಂದು ಫೋಟೊ ಕೇಳಬೇಕು, ಕಳಿಸಲಿರುವ ಅದೇ ಚಾರ್ಜರಿನ ಲೇಬಲ್ಲಿನದು. ಹಲವು ವೋಲ್ಟಿನ ಚಾರ್ಜರುಗಳು ಒಂದೇ ಅಚ್ಚಿನ ಪೆಟ್ಟಿಗೆಯಲ್ಲಿ ಬರುತ್ತವೆ, ಆನ್‌ಲೈನ್ ಪುಟದಲ್ಲಿ ಎಲ್ಲಕ್ಕೂ ಒಂದೇ ಚಿತ್ರ ಹಾಕಿರುತ್ತಾರೆ. 'ಲೆಡ್ ಆಸಿಡ್‌ಗೂ ಲಿಥಿಯಂಗೂ ಆಗುತ್ತದೆ' ಎಂಬ ವಿವರಣೆ ಕಂಡರೆ ಆ ಪುಟ ಮುಚ್ಚುವುದು ಒಳ್ಳೆಯದು. 73 ಮತ್ತು 73.5ರ ನಡುವೆ ಅಂತರ ಅರ್ಧ ವೋಲ್ಟ್ ಮಾತ್ರವಾದರೂ ಲೆಡ್ ಆಸಿಡ್ ಚಾರ್ಜರ್ ತುಂಬಿದ ಮೇಲೂ 69 ವೋಲ್ಟಿನ ಸುಮಾರಿನಲ್ಲಿ ಕರೆಂಟು ಹಿಡಿದುಕೊಂಡೇ ಇರುತ್ತದೆ. ತುಂಬಿದ ಲಿಥಿಯಂಗೆ ಅದು ಬೇಡದ ಉಪಚಾರ.

ದೊಡ್ಡ ಕಂಪನಿಗಳ ನೋಂದಾಯಿತ ಸ್ಕೂಟರ್‌ಗಳಿಗೆ ಈ ಲೆಕ್ಕವೆಲ್ಲ ಬೇಕಾಗುವುದಿಲ್ಲ, ಹಚ್ಚಿದರೂ ಫಲವಿಲ್ಲ. ಅವುಗಳಲ್ಲಿ ಚಾರ್ಜರ್ ಮತ್ತು ಬಿಎಂಎಸ್ ಒಂದಕ್ಕೊಂದು ಸಂದೇಶ ಕಳಿಸಿ ಗುರುತು ಹಿಡಿದ ಮೇಲಷ್ಟೇ ಕರೆಂಟು ಹರಿಯುತ್ತದೆ. ಆಕಾರ ಮತ್ತು ವೋಲ್ಟ್ ಎರಡೂ ಹೊಂದಿದರೂ ಹೊರಗಿನ ಚಾರ್ಜರ್ ಸುಮ್ಮನೆ ಕುಳಿತಿರುತ್ತದೆ. ಕೆಲವು ಗಾಡಿಗಳಲ್ಲಿ ಚಾರ್ಜರ್ ಒಳಗೇ ಇದ್ದು ಹೊರಗೆ ಬರುವುದು ಬರಿಯ ಗೋಡೆಯ ಕೇಬಲ್. ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಕನೆಕ್ಟರ್ 2023ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕವಾಗಿ ಅಂಗೀಕಾರ ಪಡೆದಿದೆ. ಬೇರೆ ಬೇರೆ ಕಂಪನಿಗಳ ಲಘು ವಾಹನಗಳು ಒಂದೇ ಕನೆಕ್ಟರ್ ಬಳಸಲಿ ಎಂಬುದು ಅದರ ಉದ್ದೇಶ. ಅಂಗಡಿಯಲ್ಲಿ ಸಿಗುವ ಅಗ್ಗದ ಚಾರ್ಜರುಗಳ ಲೋಕ ಅದರಿಂದ ಬೇರೆ. ಕಂಪನಿಯ ಗಾಡಿಯಾದರೆ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲೇ ಕೇಳಬೇಕು.

ಹೊಸ ಚಾರ್ಜರ್ ಮನೆಗೆ ಬಂದ ಮೇಲೆ ಗಾಡಿಗೆ ಚುಚ್ಚುವ ಮುನ್ನ ಗೋಡೆಗೆ ಮಾತ್ರ ಚುಚ್ಚಿ ಹೊರತುದಿಯಲ್ಲಿ ಅಳೆದು ನೋಡಬಹುದು. ಲೇಬಲ್ಲಿನ ವೋಲ್ಟ್ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಪ್ಲಸ್ ಗಾಡಿಯ ಪ್ಲಸ್ ಎದುರಿಗೇ ಬರಬೇಕು. ಇಲ್ಲೂ ಸೊನ್ನೆ ಕಾಣುವ ಸಾಧ್ಯತೆಯಿದೆ; ಕೆಲವು ಲಿಥಿಯಂ ಚಾರ್ಜರುಗಳು ಬ್ಯಾಟರಿ ತಾಗಿದ್ದು ಗೊತ್ತಾಗುವವರೆಗೆ ಕರೆಂಟು ಕೊಡುವುದಿಲ್ಲ. ಹಾಗಿದ್ದಲ್ಲಿ ಪ್ಲಸ್ ಮೈನಸ್ಸನ್ನು ಲೇಬಲ್ಲಿನ ಚಿತ್ರದಿಂದ ಅಥವಾ ಮಾರಿದವರಿಂದ ಖಚಿತ ಮಾಡಿಕೊಳ್ಳಬೇಕು. ಮೊದಲ ಚಾರ್ಜನ್ನು ಹಗಲಿನಲ್ಲಿ, ತೆರೆದ ಜಾಗದಲ್ಲಿ, ಮನೆಯಲ್ಲಿ ಯಾರಾದರೂ ಎಚ್ಚರವಿರುವಾಗ ಮಾಡಬೇಕು. ಚಾರ್ಜರ್ ಬೆಚ್ಚಗಾಗುವುದು ಸಹಜ, ಬ್ಯಾಟರಿಯ ಪೆಟ್ಟಿಗೆ ಕೈಗೆ ಬಿಸಿ ತಗಲುವಷ್ಟಾದರೆ ಸಹಜವಲ್ಲ. ದೀಪ ಒಮ್ಮೆ ಹಸಿರಾದ ಮೇಲೆ ಅರ್ಧ ಗಂಟೆ ಹಾಗೆಯೇ ನಿಂತರೆ ಚಾರ್ಜರ್ ತನ್ನಷ್ಟಕ್ಕೆ ತಾನೇ ನಿಂತಿದೆ ಎಂದರ್ಥ, ಬಿಎಂಎಸ್ ನಿಲ್ಲಿಸಿದ್ದಲ್ಲ.